ಫ್ಲಾಶ್ ಹೈಡರ್, ಕಾಂಪೆನ್ಸೇಟರ್, ಮಜಲ್ ಬ್ರೇಕ್: ಅನಿಲ ಯಾವ ಕಡೆ ಹೋಗುತ್ತದೆ?

ಪ್ರಶ್ನೆ: ರೈಫಲ್ ನಳಿಗೆಯ ತುದಿಗೆ ಹಾಕುವ ಈ ಮೂರರಲ್ಲಿ ವ್ಯತ್ಯಾಸ ಏನು? ನಿಜವಾಗಿ ಏನು ಬದಲಾಗುತ್ತೆ?

ಗುಂಡಿನ ಹಿಂದೆಯೇ ಬಿಸಿ ಅನಿಲ ನುಗ್ಗಿ ಬರುತ್ತದೆ. ಮೂರೂ ಕೆಲಸ ಮಾಡುವುದು ಅದರ ಮೇಲೆ.

ಆ ಅನಿಲದಲ್ಲಿ ಇನ್ನೂ ಉರಿಯುವ ಅಂಶ ಇರುತ್ತದೆ. ಹೊರಗಿನ ಗಾಳಿ ಸೇರಿದಾಗ ಭಗ್ಗನೆ ಹೊತ್ತಿಕೊಳ್ಳುತ್ತದೆ. ಫ್ಲಾಶ್ ಹೈಡರ್‌ನ ಸೀಳುಗಳು ಅದನ್ನು ಚದುರಿಸಿ, ಹೊತ್ತಿಕೊಳ್ಳುವ ಮೊದಲೇ ತಣ್ಣಗಾಗಿಸುತ್ತವೆ. ಇದರ ಮುಖ್ಯ ಲಾಭ ಕತ್ತಲಲ್ಲಿ ಗುಂಡು ಹಾರಿಸುವವನ ಕಣ್ಣಿಗೆ. ಎದುರಿನವರಿಗೆ ಬೆಳಕು ಪೂರ್ತಿ ಮರೆಯಾಗುವುದಿಲ್ಲ, ಒದೆತವೂ ಅಷ್ಟೇನೂ ಇಳಿಯುವುದಿಲ್ಲ.

ಕಾಂಪೆನ್ಸೇಟರ್ ಅನಿಲವನ್ನು ಮೇಲಕ್ಕೆ ಬಿಡುತ್ತದೆ, ಹಾಗಾಗಿ ತುದಿ ಕೆಳಕ್ಕೆ ಒತ್ತಲ್ಪಡುತ್ತದೆ. ಎಕೆಎಂ ರೈಫಲ್‌ನ ಓರೆಯಾಗಿ ಕತ್ತರಿಸಿದ ತುದಿ ಇದೇ. ಬಲಗೈಯವರ ಕೈಯಲ್ಲಿ ಬಂದೂಕು ಮೇಲಕ್ಕೂ ಬಲಕ್ಕೂ ಸರಿಯುತ್ತದೆ ಅಲ್ವಾ? ಅದಕ್ಕೇ ಈ ತುದಿ ಅದನ್ನು ಕೆಳಕ್ಕೂ ಎಡಕ್ಕೂ ತಳ್ಳುತ್ತದೆ.

ಮಜಲ್ ಬ್ರೇಕ್‌ನಲ್ಲಿ ಅನಿಲ ಒಳಗಿನ ಅಡ್ಡಗೋಡೆಗೆ ಬಡಿದು ಪಕ್ಕಕ್ಕೆ ತಿರುಗುತ್ತದೆ. ಆ ಬಡಿತ ಬಂದೂಕನ್ನು ಮುಂದಕ್ಕೆ ಎಳೆಯುವುದರಿಂದ ಭುಜಕ್ಕೆ ಬೀಳುವ ಒದೆತ ಇಳಿಯುತ್ತದೆ. ಆದರೆ ಗುಂಡಿನಿಂದಲೇ ಬರುವ ಒದೆತವನ್ನು ಇದು ಮುಟ್ಟಲಾರದು. ಮದ್ದು ಜಾಸ್ತಿ ಇರುವ ತೋಟಾದಲ್ಲಿ ಲಾಭ ಜಾಸ್ತಿ, .22 ರಿಮ್‌ಫೈರ್‌ನಂಥ ಸಣ್ಣ ತೋಟಾದಲ್ಲಿ ಸುಮ್ನೆ ಭಾರ. ಬೆಲೆಯೂ ಇದೆ: ಸದ್ದಿನ ಹೊಡೆತ ಹಾರಿಸುವವನಿಗೂ ಪಕ್ಕದವರಿಗೂ ಬಡಿಯುತ್ತದೆ. ಕಿವಿ ರಕ್ಷಣೆ ಇಲ್ಲದೆ ಇದರ ಹತ್ತಿರ ನಿಲ್ಲಲೇಬೇಡಿ.

ಎಷ್ಟೋ ಸಾಧನಗಳು ಎರಡು ಕೆಲಸ ಮಾಡುತ್ತವೆ. ಎಂ16ಎ2 ರೈಫಲ್‌ನ ಫ್ಲಾಶ್ ಹೈಡರ್‌ನಲ್ಲಿ ಕೆಳಗಿನ ಸೀಳುಗಳನ್ನು ಮುಚ್ಚಿದರು. ಮಲಗಿ ಹಾರಿಸುವಾಗ ಧೂಳು ಏಳುವುದು ಕಡಿಮೆಯಾಯಿತು, ತುದಿ ಮೇಲೇಳುವುದೂ ಸ್ವಲ್ಪ ತಗ್ಗಿತು.