ಮೂರು ಕೋರಿಕೆ, ಒಂದು ಪತ್ರ: ತಾಯಿಯ ಡಯಾಲಿಸಿಸ್‌ಗಾಗಿ ಕೆಲಸದ ಹೊತ್ತು ಬದಲಿಸಲು ಕೇಳಿದಾಗ

(ಹೆಸರುಗಳನ್ನೂ ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ.)

ನಂದಿನಿ ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗ ಕಾರ್ಖಾನೆಯಲ್ಲಿ ಎಚ್‌ಆರ್ ಅಧಿಕಾರಿ. ಆಪ್ತಸಲಹೆಗೆ ನನ್ನ ಬಳಿ ಬಂದದ್ದು ನಿದ್ದೆ ಬರ್ತಿಲ್ಲ ಅಂತ. ಮಾತಾಡುತ್ತಾ ಹೋದಾಗ ಕಾರಣ ಒಂದು ಪತ್ರದ ಸುತ್ತ ಇದೆ ಅನ್ನೋದು ಗೊತ್ತಾಯಿತು. ಸ್ಟೋರ್ಸ್ ನೋಡಿಕೊಳ್ಳುವ ಮಂಜುನಾಥ್ ಒಂದು ಮನವಿ ಕೊಟ್ಟಿದ್ದರು. ಅದಕ್ಕೆ ಉತ್ತರ ಬರೆಯಲು ಇವರಿಗೆ ಕೈ ಬರುತ್ತಿರಲಿಲ್ಲ.

ಮಂಜುನಾಥ್ ಅವರ ತಾಯಿಗೆ ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಬೆಳಿಗ್ಗೆ ಆರಕ್ಕೆ ಶುರುವಾದರೆ ಸುಮಾರು ನಾಲ್ಕು ಗಂಟೆ ಯಂತ್ರಕ್ಕೆ ಹಾಕಿರುತ್ತಾರೆ. ಮುಗಿದ ಮೇಲೆ ಬಿ.ಪಿ. ಇಳಿದು ತಲೆ ಸುತ್ತುವುದುಂಟು. ಒಬ್ಬರನ್ನೇ ಆಟೋ ಹತ್ತಿಸಿ ಕಳಿಸುವ ಹಾಗಿಲ್ಲ. ಕಾರ್ಖಾನೆಯ ಹೊತ್ತು ಎಂಟೂವರೆಯಿಂದ ಐದು, ಶನಿವಾರ ಒಂದೂವರೆಗೆ ಮುಗಿಯುತ್ತದೆ. ಅವರು ಕೇಳಿದ್ದು ಮೂರು: ಮಂಗಳವಾರ, ಗುರುವಾರ ಹನ್ನೊಂದೂವರೆಗೆ ಬಂದು ರಾತ್ರಿ ಎಂಟರವರೆಗೆ ಇರುವುದು. ಎಲ್ಲಾ ಶನಿವಾರ ರಜೆ. ವಾರಕ್ಕೊಂದು ದಿನ ಕಂಪ್ಯೂಟರ್ ಎಂಟ್ರಿಯನ್ನು ಮನೆಯಿಂದ ಮಾಡುವುದು.

ನಂದಿನಿ ಬರೆದಿಟ್ಟಿದ್ದ ಕರಡು ಹೀಗಿತ್ತು: "ನಿಮ್ಮ ಮನೆಯ ಪರಿಸ್ಥಿತಿ ನಮಗೆ ಅರ್ಥವಾಗುತ್ತದೆ. ಆದರೆ ಕಂಪನಿಯ ನಿಯಮಗಳಿವೆ. ಮಾನವೀಯತೆಯ ದೃಷ್ಟಿಯಿಂದ ಸಾಧ್ಯವಾದಷ್ಟು ಸಹಕರಿಸಲಾಗುವುದು."

ಓದಿದರೆ ಒಳ್ಳೆಯ ಮಾತೇ ಅನಿಸುತ್ತದೆ. ಆದರೆ ಇದು ಹೌದೂ ಅಲ್ಲ, ಇಲ್ಲವೂ ಅಲ್ಲ. ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಕೂತ ಮಗನಿಗೆ ಬೇಕಾದದ್ದು ಒಂದೇ: ಇವತ್ತು ಹನ್ನೊಂದೂವರೆಗೆ ಹೋದರೆ ನಡೆಯುತ್ತಾ? ಈ ಪತ್ರ ಇಟ್ಟುಕೊಂಡರೆ ಅವರು ಪ್ರತಿ ಸಲವೂ ಸೂಪರ್‌ವೈಸರ್‌ಗೆ ಫೋನ್ ಮಾಡಬೇಕು. ಬೆರಳಚ್ಚು ಯಂತ್ರದಲ್ಲಿ 'ತಡ' ಅಂತ ಬೀಳುತ್ತದೆ. ತಿಂಗಳ ಕೊನೆಗೆ ಸಂಬಳ ಕಟ್ಟಾಗುತ್ತದೆ. ಬಾಯಿಮಾತಿನ 'ಅಡ್ಜಸ್ಟ್ ಮಾಡ್ಕೊಳ್ಳಿ' ಕೊನೆಗೆ ಬಂದು ನಿಲ್ಲುವುದು ಹೀಗೆಯೇ. ಅದಕ್ಕೆ ಹೋಲಿಸಿದರೆ ಸ್ಪಷ್ಟವಾದ ನಿರಾಕರಣೆ ಎಷ್ಟೋ ಮೇಲು. ಮನುಷ್ಯ ಬೇರೆ ದಾರಿಯನ್ನಾದರೂ ಹುಡುಕುತ್ತಾನೆ.

"ಬರೆಯೋಕೆ ಏನು ತಡೀತಿದೆ?" ಎಂದು ಕೇಳಿದೆ. ಮೊದಲು, "ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ ಮೇಡಂ" ಎಂದರು. ಸ್ವಲ್ಪ ಹೊತ್ತಿನ ನಂತರ ನಿಜವಾದದ್ದು ಬಂತು. ನಂದಿನಿಯ ಮಾವನವರು ಹಾಸಿಗೆ ಹಿಡಿದಿದ್ದಾಗ ಇವರೇ ನೋಡಿಕೊಂಡಿದ್ದರು. ಒಂದು ದಿನವೂ ತಡವಾಗಿ ಹೋಗಿರಲಿಲ್ಲ. "ನನಗ್ಯಾರು ಕೊಟ್ಟಿದ್ರು? ಅವರ ಹೆಂಡತಿ ಮನೇಲೇ ಇದ್ದಾರಲ್ವಾ?" ಎಂದು ಅತ್ತರು.

ಆ ನೋವಿಗೆ ಜಾಗ ಬೇಕಿತ್ತು. ಒಂದು ಭೇಟಿ ಪೂರ್ತಿ ಅದಕ್ಕೇ ಹೋಯಿತು. ಕರಡಿನಲ್ಲಿ ಮೆತ್ತಗಿನ ಮಾತೂ ಬಿಗಿಯೂ ಒಟ್ಟಿಗೆ ಇದ್ದದ್ದು ಇದರಿಂದಲೇ. ಕೊಡಲು ಮನಸ್ಸಿದೆ, ಕೊಟ್ಟರೆ ತನಗೆ ಅನ್ಯಾಯವಾದಂತೆ. 'ಹೆಂಡತಿ ಇಲ್ವಾ' ಎಂಬ ಮಾತನ್ನು ಪತ್ರದಲ್ಲಾಗಲಿ ಎದುರಿಗಾಗಲಿ ತರಬೇಡಿ ಎಂದು ಹೇಳಿದೆ. ಮನೆಯಲ್ಲಿ ಯಾರು ಯಾರನ್ನು ನೋಡಿಕೊಳ್ಳಬೇಕು ಅನ್ನೋದು ಕಾರ್ಖಾನೆ ತೀರ್ಮಾನಿಸುವ ವಿಷಯವಲ್ಲ. ಆ ಹೊತ್ತಿನಲ್ಲಿ ಸ್ಟೋರ್ಸ್ ನಡೆಯುತ್ತಾ ಅನ್ನೋದಷ್ಟೇ ಅದರ ಪ್ರಶ್ನೆ. ಖಾಸಗಿ ಕಾರ್ಖಾನೆಯವರು ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳುವವರಿಗೆ ಹೊತ್ತು ಬದಲಿಸಿಕೊಡಲೇಬೇಕು ಎನ್ನುವ ಕಾನೂನು ನಮ್ಮಲ್ಲಿಲ್ಲ. ಹಾಗಾಗಿ ಕೊಡುವ ಕಾರಣವೇ ಮುಖ್ಯವಾಗುತ್ತದೆ. 'ಎಲ್ಲರೂ ಕೇಳ್ತಾರೆ' ಎಂಬ ಭಯಕ್ಕೂ ಇದೇ ಉತ್ತರ. ಕನಿಕರ ಕಾರಣವಾದರೆ ಮುಂದಿನವರಿಗೆ ಇಲ್ಲ ಎನ್ನಲು ಕಷ್ಟ. ಕೆಲಸ ನಡೆಯುತ್ತದೆ ಅನ್ನೋದು ಕಾರಣವಾದರೆ ಅದೇ ಅಳತೆ ಎಲ್ಲರಿಗೂ ಸಲ್ಲುತ್ತದೆ.

ಮುಂದಿನ ಭೇಟಿಗೆ ಅವರು ಸ್ಟೋರ್ಸ್ ಸೂಪರ್‌ವೈಸರ್ ಜೊತೆ ಮಾತಾಡಿ ಬಂದರು. ಮೂರು ಕೋರಿಕೆಗೂ ಬೇರೆ ಬೇರೆ ಉತ್ತರ ಸಿಕ್ಕಿತು.

ಮೊದಲನೆಯದು ಸುಲಭ. ಲಾರಿಗಳು ಸಂಜೆಯೂ ಬರುತ್ತವೆ, ರಾತ್ರಿ ಎಂಟರವರೆಗೆ ಒಬ್ಬರಿದ್ದರೆ ಅನುಕೂಲವೇ. ಪೂರ್ತಿ ಒಪ್ಪಿಗೆ ಕೊಡುವಾಗ ಆಗುವ ತಪ್ಪು ಒಂದೇ, ಅದನ್ನು ಉಪಕಾರದಂತೆ ಬರೆಯುವುದು. 'ವಿಶೇಷ ರಿಯಾಯಿತಿ', 'ಮಾನವೀಯತೆ' ಎಂದರೆ ಪಡೆದವರು ಋಣದಲ್ಲಿ ತಲೆ ತಗ್ಗಿಸಿ ಓಡಾಡುತ್ತಾರೆ. ನಾವು ಬರೆದದ್ದು: "1ನೇ ತಾರೀಖಿನಿಂದ ಮಂಗಳವಾರ ಮತ್ತು ಗುರುವಾರ ನಿಮ್ಮ ಕೆಲಸದ ಹೊತ್ತು ಬೆಳಿಗ್ಗೆ 11.30ರಿಂದ ರಾತ್ರಿ 8. ಸಂಬಳದಲ್ಲಿ ಬದಲಾವಣೆ ಇಲ್ಲ. ಹಾಜರಾತಿ ವಿಭಾಗಕ್ಕೆ ತಿಳಿಸಲಾಗಿದೆ. ಆಸ್ಪತ್ರೆಯ ಸರದಿ ಬದಲಾದರೆ ತಿಳಿಸಿ, ಹೊಸ ಹೊತ್ತಿನ ಬಗ್ಗೆ ಮಾತಾಡೋಣ." ಡಯಾಲಿಸಿಸ್ ಸರದಿ ಆಗಾಗ ಬದಲಾಗುತ್ತದೆ, ಆ ಕೊನೆಯ ಸಾಲು ಬಿಟ್ಟರೆ ಪತ್ರ ಉಪಯೋಗಕ್ಕೆ ಬರುವುದಿಲ್ಲ. ಹಾಜರಾತಿ ವಿಭಾಗಕ್ಕೆ ಹೋಗುವ ಪ್ರತಿಯಲ್ಲಿ ತಾಯಿಯ ಕಾಯಿಲೆ ಬರೆಯಬಾರದು ಎಂದೂ ಹೇಳಿದೆ. ಅವರಿಗೆ ಹೊತ್ತು ಗೊತ್ತಾದರೆ ಸಾಕು.

ಹೆಚ್ಚು ಹೊತ್ತು ತೆಗೆದುಕೊಂಡದ್ದು ಎರಡನೆಯದು. ಸ್ಟೋರ್ಸ್‌ನಲ್ಲಿರುವುದು ಇಬ್ಬರೇ, ಶನಿವಾರ ಸ್ಟಾಕ್ ಲೆಕ್ಕ. ಎಲ್ಲಾ ಶನಿವಾರವೂ ರಜೆ ಆದರೆ ಇನ್ನೊಬ್ಬರ ಮೇಲೆ ಪೂರ್ತಿ ಭಾರ. ವಾರ ಬಿಟ್ಟು ವಾರ ಕೊಡಬಹುದು ಎಂದಾಯಿತು. ಅರ್ಧ ಒಪ್ಪಿಗೆಯಲ್ಲಿ ಜಗಳ ಹುಟ್ಟುವುದು ಬರೆಯದೆ ಬಿಟ್ಟ ಜಾಗದಲ್ಲಿ. ಇಲ್ಲಿ ಬಿಟ್ಟುಹೋಗುತ್ತಿದ್ದದ್ದು ಸಂಬಳ. ಆ ರಜೆ ಯಾವ ಲೆಕ್ಕಕ್ಕೆ? ಇರುವ ರಜೆಯಲ್ಲಿ ಕಳೆದರೆ ಕೆಲವೇ ತಿಂಗಳಲ್ಲಿ ಖಾಲಿ. ಕೂತು ಲೆಕ್ಕ ಹಾಕಿದೆವು. ಶನಿವಾರ ಐದು ಗಂಟೆ ಕೆಲಸ. ಎರಡು ವಾರಕ್ಕೆ ಸೋಮವಾರ, ಬುಧವಾರ, ಶುಕ್ರವಾರ ಸೇರಿ ಆರು ದಿನ. ದಿನಕ್ಕೆ 50 ನಿಮಿಷ ಹೆಚ್ಚು ಮಾಡಿದರೆ ಐದು ಗಂಟೆ ಸರಿಹೋಗುತ್ತದೆ. ಊಟದ ಅರ್ಧ ಗಂಟೆ ಬಿಟ್ಟು ಮಾಮೂಲಿ ದಿನಕ್ಕೆ ಎಂಟು ಗಂಟೆ ಎಂದು ಹಿಡಿದರೆ, ಶನಿವಾರ ಬರುವ ವಾರದಲ್ಲೂ ಒಟ್ಟು 47 ಗಂಟೆ 30 ನಿಮಿಷ, ಅಂದರೆ ವಾರದ 48 ಗಂಟೆಯ ಮಿತಿಯೊಳಗೇ.

ಪತ್ರದಲ್ಲಿ: "ಎಲ್ಲಾ ಶನಿವಾರ ರಜೆ ಕೇಳಿದ್ದೀರಿ. ವಾರ ಬಿಟ್ಟು ವಾರ ಕೊಡುತ್ತೇವೆ. ಉಳಿದ ಶನಿವಾರ ಸ್ಟಾಕ್ ಲೆಕ್ಕಕ್ಕೆ ಇಬ್ಬರೂ ಬೇಕು, ಆ ದಿನ 11.30ರಿಂದ 4.30ರವರೆಗೆ ಬನ್ನಿ. ರಜೆಯ ಐದು ಗಂಟೆಯನ್ನು ಸೋಮವಾರ, ಬುಧವಾರ, ಶುಕ್ರವಾರ ಸಂಜೆ 50 ನಿಮಿಷ ಹೆಚ್ಚು ಮಾಡಿ ಸರಿದೂಗಿಸಬಹುದು. ಸಂಬಳ ಕಡಿತವಿಲ್ಲ. ಇದು ನಿಮಗೆ ಆಗದಿದ್ದರೆ ಒಪ್ಪುವ ಮೊದಲು ಹೇಳಿ. ಮೂರು ತಿಂಗಳಿಗೆ ಮತ್ತೆ ನೋಡೋಣ." ಕೇಳಿದ್ದು ಏನು, ಕೊಟ್ಟದ್ದು ಎಷ್ಟು, ಉಳಿದದ್ದು ಯಾಕಿಲ್ಲ. ಈ ಕ್ರಮದಲ್ಲೇ ಬರೆಯಿಸಿದೆ. ಕೊಟ್ಟದ್ದನ್ನಷ್ಟೇ ಬರೆದು ಸುಮ್ನಾದರೆ, ಉಳಿದದ್ದನ್ನು ಯಾರೂ ಓದಲೇ ಇಲ್ಲವೇನೋ ಅನಿಸುತ್ತದೆ.

ಮೂರನೆಯದಕ್ಕೆ ಇಲ್ಲ. ಮಾಲು ಎಣಿಸಿದ ಕೈಯೇ ಎಂಟ್ರಿ ಮಾಡಬೇಕು, ಅದೂ ಮಾಲಿನ ಮುಂದೆ. ಇಲ್ಲಿ ನಂದಿನಿ ಎರಡು ಸಾಲು ಕ್ಷಮೆ ಕೇಳಿದ್ದರು, ಜೊತೆಗೆ 'ಸದ್ಯಕ್ಕೆ' ಎಂಬ ಪದವೂ ಇತ್ತು. ಅದನ್ನು ತೆಗೆಸಿದೆ. ಬದಲಾಗುವ ಸಾಧ್ಯತೆ ಇಲ್ಲದಿದ್ದಾಗ 'ಸದ್ಯಕ್ಕೆ' ಎಂದರೆ ಅವರು ಕಾಯುತ್ತಾರೆ. ಕೊನೆಗೆ ಉಳಿದದ್ದು: "ಮನೆಯಿಂದ ಎಂಟ್ರಿ ಮಾಡುವ ಕೋರಿಕೆಯನ್ನು ಒಪ್ಪಲು ಆಗುವುದಿಲ್ಲ. ಮಾಲನ್ನು ಎಣಿಸಿದವರೇ ಅಲ್ಲೇ ದಾಖಲಿಸಬೇಕು. ನಿಮ್ಮ ಕೆಲಸದ ಬಗ್ಗೆ ಯಾವ ದೂರೂ ಇದಕ್ಕೆ ಕಾರಣವಲ್ಲ. ತಾಯಿಯವರಿಗೆ ತುರ್ತಾದ ದಿನ ನೇರವಾಗಿ ನನಗೆ ಫೋನ್ ಮಾಡಿ, ಅರ್ಧ ದಿನದ ರಜೆಗೆ ಮೊದಲೇ ಅರ್ಜಿ ಬೇಡ." ಕಾರಣ ಒಂದೇ ಇರಬೇಕು, ಅದು ನಿಜವಾಗಿರಬೇಕು. ನಾಲ್ಕು ಕಾರಣ ಕೊಟ್ಟರೆ ಓದುವವರು ಬಡವಾದದ್ದನ್ನು ಹಿಡಿದು ವಾದಕ್ಕೆ ನಿಲ್ಲುತ್ತಾರೆ, ಅದು ಸಹಜ.

ಪತ್ರವನ್ನು ಮೇಜಿನ ಮೇಲಿಟ್ಟು ಹೋಗಬೇಡಿ, ಕೂರಿಸಿಕೊಂಡು ಮೊದಲು ಮೂರನೆಯ ಉತ್ತರ ಹೇಳಿ ಎಂದು ಸಲಹೆ ಕೊಟ್ಟೆ. 'ಇಲ್ಲ' ಕೊನೆಯಲ್ಲಿ ಬಂದರೆ ಮನೆಗೆ ಹೋಗುವಾಗ ಅದೊಂದೇ ತಲೆಯಲ್ಲಿರುತ್ತದೆ. ನಂದಿನಿ ಹಾಗೆಯೇ ಮಾಡಿದರು. ಮಂಜುನಾಥ್ ಒಂದು ಬದಲಾವಣೆ ಕೇಳಿದರು: 50 ನಿಮಿಷವನ್ನು ಸಂಜೆಯ ಬದಲು ಬೆಳಿಗ್ಗೆ ಇಡಿ, ಸಂಜೆ ತಾಯಿಗೆ ಮಾತ್ರೆ ಕೊಡಬೇಕು ಎಂದು. ಪತ್ರ ತಿದ್ದಿ ಇಬ್ಬರೂ ಸಹಿ ಹಾಕಿದರು. ಮೂರು ತಿಂಗಳ ನಂತರದ ಮಾತುಕತೆಗೆ ಏನು ನೋಡಬೇಕು ಎಂದು ನಂದಿನಿ ಕೇಳಿದಾಗ, ಸ್ಟಾಕ್ ಲೆಕ್ಕದಲ್ಲಿ ವ್ಯತ್ಯಾಸ ಬರ್ತಿದೆಯಾ, ಸ್ಟೋರ್ಸ್‌ನ ಇನ್ನೊಬ್ಬರಿಗೆ ಕೆಲಸ ಜಾಸ್ತಿ ಆಗ್ತಿದೆಯಾ, ಇವೆರಡನ್ನು ಅವರಿಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ ಎಂದೆ. ಮಾವನವರ ವಿಷಯ ಮಾತಾಡಲು ಅವರು ಈಗಲೂ ಬರುತ್ತಿದ್ದಾರೆ.