ಬಜೆಟ್‌ಗಿಂತ ದಿನಸಿ ಖರ್ಚು ಹೆಚ್ಚಾದರೆ ಏನು ನೋಡಬೇಕು?

ಪ್ರಶ್ನೆ: ನಮ್ಮದು ಚಿಕ್ಕ ದರ್ಶಿನಿ. ಈ ತಿಂಗಳು ದಿನಸಿಗೆ 2,10,000 ಅಂದುಕೊಂಡಿದ್ದೆ, 2,57,400 ಆಗಿದೆ. ವ್ಯಾಪಾರವೂ 6 ಲಕ್ಷದ ಬದಲು 6.6 ಲಕ್ಷ ಆಯ್ತು. ಎಲ್ಲಿ ಕೈ ಹಾಕಲಿ?

ಉತ್ತರ: 47,400 ಪೂರ್ತಿ ಸೋರಿಕೆಯಲ್ಲ. ನಿಮ್ಮ ಬಜೆಟ್ ಪ್ರಕಾರ ದಿನಸಿ ವ್ಯಾಪಾರದ 35%. ಆ ಲೆಕ್ಕದಲ್ಲಿ 6.6 ಲಕ್ಷಕ್ಕೆ 2,31,000 ಆಗಲೇಬೇಕಿತ್ತು. ಹಾಗಾಗಿ ಹುಡುಕಬೇಕಾದದ್ದು 26,400 ಮಾತ್ರ.

ಮೊದಲು ಈ 2,57,400 ಬರೀ ಖರೀದಿ ಬಿಲ್ಲುಗಳ ಮೊತ್ತವೇ ನೋಡಿ. ಹೌದಾದರೆ ತಿಂಗಳ ಮೊದಲ ದಿನದ ದಾಸ್ತಾನು ಕೂಡಿಸಿ, ಕೊನೆಯ ದಿನದ್ದು ಕಳೆಯಿರಿ. 30ರಂದು ಬಂದಿಳಿದ ಅಕ್ಕಿ ಮೂಟೆಗಳೇ ಅಂತರದ ಅರ್ಧವಾಗಿರಬಹುದು.

ಉಳಿದದ್ದನ್ನು ದರ, ಬಳಕೆ ಎಂದು ಎರಡಾಗಿ ಒಡೆಯಿರಿ. ಎಣ್ಣೆ 400 ಲೀಟರ್ ಬಳಸಿ, ಲೀಟರಿಗೆ 20 ರೂಪಾಯಿ ಏರಿದ್ದರೆ 8,000 ದರದ್ದು. ಅದಕ್ಕೆ ಅಡುಗೆಭಟ್ಟರನ್ನು ದೂರುವುದು ಅನ್ಯಾಯ. ಬೇರೆ ಮಂಡಿಯಲ್ಲಿ ವಿಚಾರಿಸಿ, ಇಲ್ಲವೇ ವಡೆ, ಪೂರಿಯ ಬೆಲೆ ಏರಿಸಿ. ಬಳಕೆಯ ಅಂತರಕ್ಕೆ ಒಂದು ವಾರ ಮಾರಾಟವಾದ ದೋಸೆಗಳನ್ನೂ ಖರ್ಚಾದ ಹಿಟ್ಟನ್ನೂ ಹೋಲಿಸಿ. ಸೌಟಿನ ಅಳತೆ, ಹುಳಿಯಾಗಿ ಚೆಲ್ಲಿದ ಹಿಟ್ಟು, ಸಿಬ್ಬಂದಿ ಊಟ, ಬಿಲ್ ಆಗದೆ ಹೋದ ತಟ್ಟೆ ಇವುಗಳಲ್ಲೇ ಕಾರಣ ಸಿಗುತ್ತದೆ.

ಬಜೆಟ್ಟನ್ನು ಮಾತ್ರ ಈಗಲೇ ತಿದ್ದಬೇಡಿ. ದರ ಮೂರು ತಿಂಗಳು ಇಳಿಯದಿದ್ದರೆ ಆಗ ಬದಲಿಸಿ.