ಒಬ್ಬರಿಗೆ ರದ್ದು, ಇನ್ನೊಬ್ಬರಿಗೆ ಎಚ್ಚರಿಕೆ: ಪ್ರಶ್ನಿಸಬಹುದೇ?

ಪ್ರಶ್ನೆ: ಯಾದಗಿರಿ ಜಿಲ್ಲೆಯಲ್ಲಿ ನಮ್ಮ ಅಣ್ಣನ ನ್ಯಾಯಬೆಲೆ ಅಂಗಡಿಯ ಪರವಾನಗಿಯನ್ನು ‘ವಿವರಣೆ ತೃಪ್ತಿಕರವಾಗಿಲ್ಲ’ ಎಂದಷ್ಟೇ ಬರೆದು ರದ್ದು ಮಾಡಿದ್ದಾರೆ. ಅದೇ ಲೋಪಕ್ಕೆ ಪಕ್ಕದ ಊರಿನವರಿಗೆ ಬರೀ ಎಚ್ಚರಿಕೆ. ಪ್ರಶ್ನಿಸಬಹುದೇ?

ಉತ್ತರ: ಖಂಡಿತ ಪ್ರಶ್ನಿಸಬಹುದು. ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14ನೇ ವಿಧಿ ಮನಸ್ಸಿಗೆ ಬಂದಂತೆ ಅಧಿಕಾರ ಚಲಾಯಿಸುವುದನ್ನೂ ತಡೆಯುತ್ತದೆ. ಸಮಾನತೆ ಮತ್ತು ಸ್ವೇಚ್ಛಾಚಾರ ಬದ್ಧವೈರಿಗಳು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 1974ರ ರಾಯಪ್ಪ ಪ್ರಕರಣದಲ್ಲಿ ತಳೆಯಿತು.

ನಿಮ್ಮ ಅಣ್ಣನವರಿಗೆ ಮುಖ್ಯ ಆಧಾರ ಆ ಒಂದು ಸಾಲೇ. ವಿವರಣೆಯ ಯಾವ ಅಂಶ ಏಕೆ ಒಪ್ಪಿಗೆಯಾಗಲಿಲ್ಲ ಎಂದು ಅದು ಹೇಳುವುದಿಲ್ಲ. ಸುಪ್ರೀಂ ಕೋರ್ಟಿನ ಮೊಹಿಂದರ್ ಸಿಂಗ್ ಗಿಲ್ ತೀರ್ಪಿನ ಪ್ರಕಾರ, ಆದೇಶದಲ್ಲಿ ಇಲ್ಲದ ಕಾರಣಗಳನ್ನು ಅಧಿಕಾರಿ ಆಮೇಲೆ ಕೋರ್ಟಿಗೆ ಸಲ್ಲಿಸುವ ಅಫಿಡವಿಟ್ ಮೂಲಕ ಸೇರಿಸುವಂತಿಲ್ಲ. ಆದ್ದರಿಂದ ನೋಟಿಸು, ಕೊಟ್ಟ ಉತ್ತರ, ಆದೇಶ ಮೂರನ್ನೂ ಜೋಪಾನವಾಗಿಡಿ; ಪಕ್ಕದ ಊರಿನ ಅಂಗಡಿಯ ಆದೇಶದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ.

ಆದರೆ ಹೋಲಿಕೆಗೆ ಮಿತಿಯಿದೆ. ಲೋಪ, ದಾಸ್ತಾನಿನ ವ್ಯತ್ಯಾಸ, ಹಿಂದಿನ ದಾಖಲೆ ಎಲ್ಲವೂ ಒಂದೇ ಬಗೆಯವಾಗಿರಬೇಕು. ಅವರನ್ನು ನಿಯಮ ಮೀರಿ ಬಿಟ್ಟಿದ್ದರೆ, ‘ನಮ್ಮನ್ನೂ ಹಾಗೆಯೇ ಬಿಡಿ’ ಎಂಬ ವಾದ ನಿಲ್ಲುವುದಿಲ್ಲ.

ಮೊದಲು ನಿಯಮದಲ್ಲಿರುವ ಮೇಲ್ಮನವಿ ಸಲ್ಲಿಸಿ. ಅಲ್ಲಿ ನ್ಯಾಯ ಸಿಗದಿದ್ದರೆ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಬಹುದು. ಗೆದ್ದರೂ ಸಾಮಾನ್ಯವಾಗಿ ಸಿಗುವುದು ಆದೇಶದ ರದ್ದತಿ ಮತ್ತು ಕಾರಣ ಸಹಿತ ಮರುಪರಿಶೀಲನೆ. ಪರವಾನಗಿ ಉಳಿಯುತ್ತದೆಯೇ ಎಂಬುದು ಆ ಮರುವಿಚಾರಣೆಯಲ್ಲೇ ತೀರ್ಮಾನವಾಗುತ್ತದೆ.